ಐವತ್ತು ಕೆ.ಜಿ. ಅಕ್ಕಿ, ಒಂದು ಸ್ಲೈಡು

ಮಂಗಳವಾರ ಸಂಜೆ. ಪೇಟೆ ಬೀದಿಯ ದಿನಸಿ ಅಂಗಡಿ. ಭಾನುವಾರದ ಗೃಹಪ್ರವೇಶಕ್ಕೆ ಅಕ್ಕಿ ಬೇಕಾಗಿ ಗೌರಮ್ಮ ಬಂದಿದ್ದಾರೆ. ಗಲ್ಲಾದ ಹಿಂದೆ ಶಿವಣ್ಣ.

“ಸೋನಾ ಮಸೂರಿ ಹೇಗೆ ಶಿವಣ್ಣ, ಒಂದು ವರ್ಷದ ಹಳೇದು?”

“ಕೆ.ಜಿ.ಗೆ ಅರವತ್ತೆರಡು ಅಮ್ಮ.”

“ಐವತ್ತು ಕೆ.ಜಿ. ತಗೋತೀನಿ, ಅರವತ್ತು ಮಾಡ್ಕೊಳ್ಳಿ. ಶನಿವಾರ ಬೆಳಿಗ್ಗೆ ಮನೆಗೆ ಕಳಿಸ್ಬೇಕು.”

“ಆಯ್ತಮ್ಮ, ಅರವತ್ತಕ್ಕೇ ಕೊಡ್ತೀನಿ. ಶನಿವಾರ ಹತ್ತು ಗಂಟೆಯೊಳಗೆ ಮನೇಲಿರುತ್ತೆ.”

ಗೌರಮ್ಮ ಐನೂರು ರೂಪಾಯಿ ಮುಂಗಡ ಕೊಟ್ಟು ಹೊರಡುತ್ತಾರೆ. ಉಳಿದ 2,500 ರೂಪಾಯಿ ಅಕ್ಕಿ ಬಂದ ಮೇಲೆ. ರಸೀದಿ ಬರೆದಿಲ್ಲ, ಸಹಿ ಹಾಕಿಲ್ಲ, ಛಾಪಾ ಕಾಗದದ ಮಾತೇ ಬಂದಿಲ್ಲ. ಆದರೂ ಊರ್ಜಿತವಾದ ಒಂದು ಕರಾರಿಗೆ ಕಾನೂನು ಕೇಳುವುದೆಲ್ಲ ಈ ನಾಲ್ಕು ಮಾತಿನಲ್ಲಿ ಇದೆ.

ಬಿ.ಕಾಂ. ತರಗತಿಗೋ ಕಾನೂನು ಕಾಲೇಜಿನ ಸೆಮಿನಾರಿಗೋ ಕರಾರಿನ ಅಂಶಗಳ ಸ್ಲೈಡು ಮಾಡುವವರು ಸಾಮಾನ್ಯವಾಗಿ ಪಟ್ಟಿಯಿಂದ ಶುರುಮಾಡುತ್ತಾರೆ. ಪ್ರಸ್ತಾವ, ಅಂಗೀಕಾರ, ಪ್ರತಿಫಲ, ಸಾಮರ್ಥ್ಯ, ಮುಕ್ತ ಸಮ್ಮತಿ, ನ್ಯಾಯಸಮ್ಮತ ಉದ್ದೇಶ ಎಂದು ಒಂದರ ಕೆಳಗೊಂದು ಪದ. ವಿದ್ಯಾರ್ಥಿಗಳು ಅದನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ “ಹದಿನೇಳರ ಹುಡುಗ ಸಾಲಕ್ಕೆ ತಂದ ಸ್ಪೀಕರಿನ ಹಣ ವಸೂಲಾಗುತ್ತದೆಯೇ?” ಎಂಬ ಪ್ರಶ್ನೆ ಬಂದಾಗ ಅದೇ ಪಟ್ಟಿಯನ್ನು ಮತ್ತೆ ಬರೆದು ಕೂರುತ್ತಾರೆ. ಪಟ್ಟಿಯಲ್ಲಿರುವ ಪ್ರತಿ ಪದವೂ ಸರಿಯಾದದ್ದೇ. ಆದರೆ ವ್ಯವಹಾರದ ಯಾವ ಮಾತಿಗೆ ಯಾವ ಪದ ಅಂಟಿಕೊಂಡಿದೆ ಎಂಬುದು ಪಟ್ಟಿಯಲ್ಲಿ ಕಾಣುವುದಿಲ್ಲ.

ಆದ್ದರಿಂದ ಸ್ಲೈಡಿನ ಎಡಭಾಗದಲ್ಲಿ ಮೇಲಿನ ಸಂಭಾಷಣೆಯನ್ನೇ ಹಾಕಬೇಕು. ನಾಲ್ಕು ಮಾತು, ಐದನೆಯದಾಗಿ ಮುಂಗಡ, ಪ್ರತಿ ಸಾಲಿಗೂ ಒಂದು ಸಂಖ್ಯೆ. ಬಲಭಾಗ ಖಾಲಿಯಿರಲಿ. ತರಗತಿಯ ಮೊದಲ ಕೆಲಸ ಆ ಖಾಲಿ ಜಾಗ ತುಂಬುವುದು. ನಂತರ ಇದೇ ಸ್ಲೈಡಿನ ನಾಲ್ಕೈದು ನಕಲು ತೆಗೆದು, ಪ್ರತಿಯೊಂದರಲ್ಲಿ ಒಂದೇ ಒಂದು ಸಾಲನ್ನು ಬದಲಿಸಿ ಅದಕ್ಕೆ ಮಾತ್ರ ಕೆಂಪು ಬಣ್ಣ ಕೊಡಬೇಕು. ಉಳಿದದ್ದೆಲ್ಲ ಹಾಗೇ ಇದ್ದು ಒಂದು ಸಾಲು ಬದಲಾದಾಗ ಕರಾರು ಉಳಿಯುತ್ತದೋ ಬೀಳುತ್ತದೋ ನೋಡಿದರೆ, ಆ ಸಾಲು ಹೊತ್ತಿದ್ದ ಭಾರ ಎಷ್ಟೆಂದು ವಿದ್ಯಾರ್ಥಿಗೆ ಕಣ್ಣಾರೆ ತಿಳಿಯುತ್ತದೆ.

ಬಲಭಾಗದ ನೆತ್ತಿಯಲ್ಲಿ ಎರಡು ಪದ ಮಾತ್ರ ಮೊದಲೇ ಇರಲಿ: ಒಪ್ಪಂದ, ಕರಾರು. ಮಾತಿನಲ್ಲಿ ನಾವು ಇವೆರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. 1872ರ ಭಾರತೀಯ ಕರಾರು ಕಾಯ್ದೆ ಹಾಗೆ ಬಳಸುವುದಿಲ್ಲ. ಪರಸ್ಪರ ಪ್ರತಿಫಲವಿರುವ ಮಾತುಕೊಡುವಿಕೆ ಒಪ್ಪಂದ. ಕಾನೂನಿನ ಮೂಲಕ ಜಾರಿಮಾಡಿಸಬಹುದಾದ ಒಪ್ಪಂದ ಮಾತ್ರ ಕರಾರು. ಎಲ್ಲ ಕರಾರೂ ಒಪ್ಪಂದವೇ, ಎಲ್ಲ ಒಪ್ಪಂದವೂ ಕರಾರಲ್ಲ. ಮೊದಲನೆಯದರಿಂದ ಎರಡನೆಯದಕ್ಕೆ ದಾಟಲು ಏನೇನಿರಬೇಕೆಂದು ಹೇಳುವುದು ಕಾಯ್ದೆಯ 10ನೇ ಕಲಂ. ಪಕ್ಷಗಾರರ ಸಮ್ಮತಿ ಮುಕ್ತವಾಗಿರಬೇಕು, ಅವರಿಗೆ ಕರಾರು ಮಾಡಿಕೊಳ್ಳುವ ಸಾಮರ್ಥ್ಯವಿರಬೇಕು, ಪ್ರತಿಫಲವೂ ಉದ್ದೇಶವೂ ನ್ಯಾಯಸಮ್ಮತವಾಗಿರಬೇಕು, ಅಂಥ ಒಪ್ಪಂದವನ್ನು ಕಾಯ್ದೆಯೇ ಅನೂರ್ಜಿತ ಎಂದು ಘೋಷಿಸಿರಬಾರದು. ಗಮನಿಸಿದರೆ ಇಲ್ಲಿ ಪ್ರಸ್ತಾವ, ಅಂಗೀಕಾರ ಎಂಬ ಪದಗಳಿಲ್ಲ. ಅವು 2ನೇ ಕಲಮಿನ ವ್ಯಾಖ್ಯೆಗಳಲ್ಲಿ, ಒಪ್ಪಂದ ಹುಟ್ಟುವ ಹಂತದಲ್ಲೇ ಬಂದುಹೋಗಿರುತ್ತವೆ. ಪಾಠಕ್ಕೂ ಅದೇ ಕ್ರಮ ಸರಿ: ಒಪ್ಪಂದ ಹುಟ್ಟಿತೇ ಎಂಬುದು ಮೊದಲು, ಅದು ಕರಾರಾಯಿತೇ ಎಂಬುದು ಆಮೇಲೆ.

ಒಪ್ಪಂದ ಹುಟ್ಟಿದ್ದು ಯಾವ ಸಾಲಿನಲ್ಲಿ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಬಹುಪಾಲು ಕೈಗಳು ಎರಡನೇ ಸಾಲಿಗೆ ಏಳುತ್ತವೆ. “ಅರವತ್ತೆರಡು” ಎಂದು ಬೆಲೆ ಹೇಳಿದವರು ಶಿವಣ್ಣ, ಹಾಗಾಗಿ ಪ್ರಸ್ತಾವ ಅವರದು ಎಂಬ ಲೆಕ್ಕ. ಇದು ತಪ್ಪು, ಮತ್ತು ಇದನ್ನು ನಿಧಾನವಾಗಿ ಬಿಡಿಸಬೇಕು. ಗೌರಮ್ಮ ಬೆಲೆ ವಿಚಾರಿಸಿದರು, ಶಿವಣ್ಣ ಉತ್ತರ ಹೇಳಿದರು. ಎಷ್ಟು ಕೆ.ಜಿ., ಯಾವತ್ತಿಗೆ ಎಂಬುದು ಆಗಿನ್ನೂ ಮಾತಿಗೇ ಬಂದಿರಲಿಲ್ಲ. ಬೆಲೆಯ ಮಾಹಿತಿ ಕೊಟ್ಟ ಮಾತ್ರಕ್ಕೆ, ಇದಕ್ಕೆ ನೀವು ಹೂಂ ಎಂದರೆ ನಾನು ಬದ್ಧ ಎಂದು ಹೇಳಿದ ಹಾಗಾಗುವುದಿಲ್ಲ.

ಇದಕ್ಕೆ ಕನ್ನಡನಾಡಿನ ಮೊಕದ್ದಮೆಯೇ ಇದೆ. ಮಡಿಕೇರಿಯ ಒಂದು ಬಂಗಲೆಯನ್ನು ಕೊಳ್ಳಲು ಅಪ್ಪಣ್ಣ ಎಂಬವರು ಬೆಲೆ ಹೇಳಿ ಕೇಳಿದ್ದರು. ಹತ್ತು ಸಾವಿರ ರೂಪಾಯಿಗಿಂತ ಕಡಿಮೆಗೆ ಒಪ್ಪುವುದಿಲ್ಲ ಎಂದು ಮಾಲೀಕ ಮ್ಯಾಕ್‌ಫರ್ಸನ್ ತಂತಿ ಕಳಿಸಿದರು. ಹತ್ತು ಸಾವಿರಕ್ಕೆ ತಾನು ಒಪ್ಪಿದೆನಲ್ಲ, ಕರಾರು ಆಗಿಹೋಯಿತು ಎಂಬುದು ಕೊಳ್ಳುವವರ ವಾದ. 1951ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಆ ತಂತಿ ಪ್ರಸ್ತಾವವಲ್ಲ, ಇನ್ನೂ ಮೇಲಿನ ಬೆಲೆಗೆ ಪ್ರಸ್ತಾವ ತನ್ನಿ ಎಂಬ ಆಹ್ವಾನ ಮಾತ್ರ ಎಂದಿತು.

ಅಕ್ಕಿಯ ಮಾತಿನಲ್ಲಿ ನಿಜವಾದ ಪ್ರಸ್ತಾವ ಮೂರನೇ ಸಾಲು. ಪ್ರಮಾಣ, ಬೆಲೆ, ದಿನ, ಜಾಗ ನಾಲ್ಕೂ ಅದರಲ್ಲಿವೆ. ಪ್ರಸ್ತಾವ ಇಟ್ಟವರು ಗಿರಾಕಿ. ನಾಲ್ಕನೇ ಸಾಲಿನ “ಆಯ್ತಮ್ಮ” ಅಂಗೀಕಾರ. ಅಂಗೀಕಾರ ಷರತ್ತಿಲ್ಲದೆ ಪೂರ್ತಿಯಾಗಿರಬೇಕು ಎನ್ನುತ್ತದೆ 7ನೇ ಕಲಂ. ಇಲ್ಲಿ ಮೊದಲ ಕೆಂಪು ಸಾಲು ತರಬಹುದು: “ಅರವತ್ತಕ್ಕೆ ಕೊಡ್ತೀನಿ, ಆದ್ರೆ ಸೋಮವಾರ ಕಳಿಸ್ತೀನಿ.” ಇದು ಅಂಗೀಕಾರವಲ್ಲ, ಹೊಸ ಪ್ರಸ್ತಾವ. ಈಗ ಹೂಂ ಅನ್ನುವ ಸರದಿ ಗೌರಮ್ಮನದು. ಅವರು ಏನೂ ಹೇಳದೆ ಮನೆಗೆ ಹೋದರೆ ಒಪ್ಪಿದಂತಾಗುವುದಿಲ್ಲ. ಸುಮ್ಮನಿದ್ದದ್ದನ್ನು ಸಮ್ಮತಿ ಎಂದು ಎಣಿಸುವ ಹಕ್ಕು ಶಿವಣ್ಣನವರಿಗಿಲ್ಲ.

ಅಂಗಡಿಯ ಮುಂದಿನ ಬೋರ್ಡಿನ ಪ್ರಶ್ನೆ ಇಲ್ಲಿಯೇ ಬರುತ್ತದೆ. “ಸೋನಾ ಮಸೂರಿ ₹58” ಎಂದು ಬರೆದು ತೂಗುಹಾಕಿದ್ದರೆ ಅದು ಪ್ರಸ್ತಾವವಲ್ಲವೇ? ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬೆಲ್ ಎಂಬ ವರ್ತಕ ಗುಂಡಿ ಒತ್ತಿದರೆ ಅಲಗು ಹೊರಬರುವ ಚಾಕುವನ್ನು ಬೆಲೆಚೀಟಿಯ ಸಮೇತ ಕಿಟಕಿಯಲ್ಲಿಟ್ಟಿದ್ದ. ಅಂಥ ಚಾಕುವನ್ನು ಮಾರಲು ಪ್ರಸ್ತಾವಿಸುವುದು ಅಲ್ಲಿ ಅಪರಾಧವಾಗಿತ್ತು. 1960ರಲ್ಲಿ ವಿಚಾರಣೆಯಾಗಿ 1961ರ ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ ಬೆಲ್ ಪಾರಾದ. ಕಿಟಕಿಯಲ್ಲಿ ಇಡುವುದೆಂದರೆ ಗಿರಾಕಿಯನ್ನು ಪ್ರಸ್ತಾವಕ್ಕೆ ಕರೆಯುವುದಷ್ಟೇ ಎಂದಿತು ನ್ಯಾಯಾಲಯ. ಇದರ ಹಿಂದಿನ ಕಾರಣ ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ. ಬೋರ್ಡೇ ಪ್ರಸ್ತಾವವಾಗಿದ್ದರೆ, ಹತ್ತು ಮೂಟೆ ಇಟ್ಟುಕೊಂಡವರು “ಬೇಕು” ಎಂದ ನೂರು ಜನಕ್ಕೂ ಬದ್ಧರಾಗಬೇಕಾಗುತ್ತಿತ್ತು. ಹಾಗೆಂದು ಬೋರ್ಡಿನಲ್ಲಿ ಏನು ಬೇಕಾದರೂ ಬರೆಯಬಹುದು ಎಂದಲ್ಲ. ದಾರಿತಪ್ಪಿಸುವ ಜಾಹೀರಾತಿಗೂ ಎಂಆರ್‌ಪಿ ಮೀರುವುದಕ್ಕೂ ಬೇರೆ ಕಾನೂನುಗಳಿವೆ. ಅವುಗಳನ್ನು ಈ ಸ್ಲೈಡಿಗೆ ಎಳೆದು ತರಬಾರದು.

ಐದನೇ ಸಾಲಿನ ಐನೂರು ರೂಪಾಯಿ ಇನ್ನೊಂದು ಗೊಂದಲ ಎಬ್ಬಿಸುತ್ತದೆ. ಮುಂಗಡ ಕೊಟ್ಟದ್ದರಿಂದಲೇ ಕರಾರು ಗಟ್ಟಿಯಾಯಿತು ಎಂದು ಅನೇಕರು ನಂಬಿದ್ದಾರೆ. ಹಾಗಲ್ಲ. ನಾಲ್ಕನೇ ಸಾಲಿಗೇ ಎಲ್ಲ ಮುಗಿದಿತ್ತು. ಶಿವಣ್ಣನವರಿಗೆ ಪ್ರತಿಫಲ ಎಂದರೆ ಗೌರಮ್ಮ 3,000 ರೂಪಾಯಿ ಕೊಡುತ್ತೇನೆಂದು ಆಡಿದ ಮಾತು. ಗೌರಮ್ಮನಿಗೆ ಪ್ರತಿಫಲ ಎಂದರೆ ಅಕ್ಕಿ ಕಳಿಸುತ್ತೇನೆಂಬ ಶಿವಣ್ಣನವರ ಮಾತು. ಮಾತಿಗೆ ಮಾತು ಪ್ರತಿಫಲವಾಗುತ್ತದೆ. ಮುಂಗಡ ಆ ಹಣದ ಒಂದು ಭಾಗ, ಮತ್ತು ವಿವಾದವಾದರೆ ಒಳ್ಳೆಯ ಸಾಕ್ಷ್ಯ.

ಪ್ರತಿಫಲ ಸಾಕಷ್ಟಿರಬೇಕೇ? ಕಾಯ್ದೆಯ 25ನೇ ಕಲಮಿನ ಕೆಳಗೆ ಒಂದು ಉದಾಹರಣೆಯಿದೆ: ಸಾವಿರ ರೂಪಾಯಿಯ ಕುದುರೆಯನ್ನು ಹತ್ತು ರೂಪಾಯಿಗೆ ಮಾರಲು ಒಬ್ಬ ಮುಕ್ತ ಮನಸ್ಸಿನಿಂದ ಒಪ್ಪಿದರೆ ಅದೂ ಕರಾರೇ. ಹಾಗಾಗಿ ಶಿವಣ್ಣ ನಲವತ್ತಕ್ಕೆ ಒಪ್ಪಿದ್ದರೂ ನಷ್ಟವಾಯಿತೆಂದು ಹಿಂದೆಗೆಯುವಂತಿಲ್ಲ. ಬೆಲೆ ತೀರಾ ಕಡಿಮೆಯಾದಾಗ ನ್ಯಾಯಾಲಯ ನೋಡುವುದು ಬೇರೊಂದನ್ನು: ಒಪ್ಪಿಗೆ ನಿಜಕ್ಕೂ ಮುಕ್ತವಾಗಿತ್ತೇ?

ಪ್ರತಿಫಲ ಯಾರ ಇಚ್ಛೆಯಂತೆ ಬಂದದ್ದು ಎಂಬುದು ಮಾತ್ರ ಮುಖ್ಯ, ಅದಕ್ಕೂ ಒಂದು ಅಂಗಡಿ ಬೀದಿಯ ಕಥೆಯಿದೆ. ದುರ್ಗಾ ಪ್ರಸಾದ್ ಎಂಬವರು ಕಲೆಕ್ಟರರ ಆದೇಶದಂತೆ ಸ್ವಂತ ಖರ್ಚಿನಲ್ಲಿ ಒಂದು ಮಾರುಕಟ್ಟೆ ಕಟ್ಟಿಸಿದರು. ಅಲ್ಲಿ ಅಂಗಡಿ ಹಿಡಿದ ವರ್ತಕರು ತಮ್ಮ ಮಾರಾಟದ ಮೇಲೆ ಅವರಿಗೆ ಕಮಿಷನ್ ಕೊಡುತ್ತೇವೆಂದು ಒಪ್ಪಿ, ಆಮೇಲೆ ಕೊಡಲಿಲ್ಲ. ಅಲಹಾಬಾದ್ ಹೈಕೋರ್ಟು 1880ರಲ್ಲಿ ವರ್ತಕರ ಪರ ನಿಂತಿತು. ಮಾರುಕಟ್ಟೆ ಕಟ್ಟಿದ್ದು ಕಲೆಕ್ಟರರ ಇಚ್ಛೆಯಿಂದಲೇ ಹೊರತು ಮಾತು ಕೊಟ್ಟ ವರ್ತಕರ ಇಚ್ಛೆಯಿಂದಲ್ಲ. ಆದ್ದರಿಂದ ಅವರ ಮಾತಿಗೆ ಪ್ರತಿಫಲವೇ ಇರಲಿಲ್ಲ.

ಇಲ್ಲಿಗೆ ಒಪ್ಪಂದದ ಹಂತ ಮುಗಿಯಿತು. ಇನ್ನು ಅದು ಕರಾರಾಗಲು ಬೇಕಾದ ಸಮ್ಮತಿಯ ಸ್ಲೈಡು. ಕೆಂಪು ಬಣ್ಣ ಈಗ “ಒಂದು ವರ್ಷದ ಹಳೇದು” ಎಂಬ ಪದಗಳಿಗೆ. ಹೊಸ ಅಕ್ಕಿ ಅನ್ನ ಮಾಡಿದರೆ ಮುದ್ದೆಯಾಗುತ್ತದೆ, ನೂರು ಜನರ ಪಂಕ್ತಿಗೆ ಬಡಿಸಲಾಗುವುದಿಲ್ಲ. ಶಿವಣ್ಣ ಆ ತಿಂಗಳು ಮಿಲ್ಲಿನಿಂದ ಬಂದ ಹೊಸ ಅಕ್ಕಿಯನ್ನು, ಹೊಸದೆಂದು ತಿಳಿದೂ ಹಳೆಯದೆಂದು ಹೇಳಿದ್ದರೆ ಅದು ವಂಚನೆ. ಆಗ ಕರಾರು ತಾನಾಗಿ ಬಿದ್ದುಹೋಗುವುದಿಲ್ಲ, 19ನೇ ಕಲಮಿನಂತೆ ಅದು ರದ್ದುಮಾಡಬಹುದಾದ ಕರಾರು. ಆಯ್ಕೆ ಮೋಸಹೋದವರದು. ಗೌರಮ್ಮ ಅಕ್ಕಿ ವಾಪಸ್ಸು ಮಾಡಿ ಹಣ ಕೇಳಬಹುದು, ಅಥವಾ ಕರಾರನ್ನು ಉಳಿಸಿಕೊಂಡು, ಆಡಿದ ಮಾತು ನಿಜವಾಗಿದ್ದರೆ ತಾವು ಎಲ್ಲಿರುತ್ತಿದ್ದರೋ ಆ ಸ್ಥಿತಿಗೆ ತಂದುಕೊಡಿ ಎಂದು ಒತ್ತಾಯಿಸಬಹುದು. ಶಿವಣ್ಣನವರಿಗೆ ಆ ಆಯ್ಕೆ ಇಲ್ಲ.

“ಅಕ್ಕಿ ನೋಡಿದರೆ ಗೊತ್ತಾಗುತ್ತಿರಲಿಲ್ಲವೇ?” ಎಂದು ತರಗತಿಯಲ್ಲಿ ಯಾರಾದರೂ ಕೇಳುತ್ತಾರೆ. ಆ ಪ್ರಶ್ನೆಗೆ ಕಾಯ್ದೆಯಲ್ಲಿ ಸೂಕ್ಷ್ಮವಾದ ಉತ್ತರವಿದೆ. ಶಿವಣ್ಣ ಗೊತ್ತಿದ್ದೂ ಸುಳ್ಳು ಹೇಳಿದ್ದರೆ, ನೀವು ನೋಡಿಕೊಳ್ಳಬೇಕಿತ್ತು ಎಂಬ ಸಮರ್ಥನೆ ಅವರಿಗೆ ಸಿಗುವುದಿಲ್ಲ. ಮಿಲ್ಲಿನವರ ಮಾತು ನಂಬಿ, ತಾವೂ ಹಳೆಯದೆಂದೇ ತಿಳಿದು ಹೇಳಿದ್ದರೆ ಅದು ತಪ್ಪು ನಿರೂಪಣೆ; ಆಗ ಮಾತ್ರ, ಸಾಧಾರಣ ಎಚ್ಚರದಿಂದ ಗೌರಮ್ಮ ನಿಜ ಕಂಡುಕೊಳ್ಳಬಹುದಿತ್ತೇ ಎಂಬುದು ಲೆಕ್ಕಕ್ಕೆ ಬರುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಬದಲಾವಣೆ ಇಟ್ಟರೆ ಅನೂರ್ಜಿತ ಮತ್ತು ರದ್ದುಮಾಡಬಹುದಾದ ಎಂಬೆರಡರ ವ್ಯತ್ಯಾಸ ಎದ್ದು ಕಾಣುತ್ತದೆ. ಗೋದಾಮಿನ ಮೂಲೆಯಲ್ಲಿರುವ ಆ ಎರಡು ಮೂಟೆಯನ್ನೇ ತೋರಿಸಿ ಹಿಂದಿನ ದಿನ ಗೌರಮ್ಮನಿಗೆ ಅಕ್ಕಿ ಮೆಚ್ಚಿಸಿದ್ದರು, ಮಂಗಳವಾರ ಅವುಗಳ ಬಗ್ಗೆಯೇ ಮಾತಾಯಿತು ಎನ್ನೋಣ. ಆದರೆ ಮಂಗಳವಾರ ಮಧ್ಯಾಹ್ನವೇ ಗೋದಾಮಿಗೆ ಬೆಂಕಿ ಬಿದ್ದು ಮೂಟೆ ಸುಟ್ಟಿತ್ತು, ಇಬ್ಬರಿಗೂ ಗೊತ್ತಿರಲಿಲ್ಲ. ಮುಖ್ಯ ಸಂಗತಿಯ ಬಗ್ಗೆ ಇಬ್ಬರದೂ ತಪ್ಪು ಗ್ರಹಿಕೆ. ಒಪ್ಪಂದ ಅನೂರ್ಜಿತ, ಯಾರಿಗೂ ಆಯ್ಕೆಯಿಲ್ಲ, ಮುಂಗಡ ಹಿಂತಿರುಗಬೇಕು. “ಆ ಎರಡು ಮೂಟೆ” ಎಂದಿರದೆ ಸುಮ್ಮನೆ ಐವತ್ತು ಕೆ.ಜಿ. ಎಂದಿದ್ದರೆ ಈ ಉತ್ತರ ಬರುವುದಿಲ್ಲ. ಶಿವಣ್ಣ ಬೇರೆಡೆಯಿಂದ ತಂದಾದರೂ ಕೊಡಬೇಕಾಗುತ್ತದೆ.

ಈಗ ಚೀಟಿ ಹಿಡಿದು ಬಂದ ಹುಡುಗ. ಸಣ್ಣ ಅಂಗಡಿಯ ಉದಾಹರಣೆಗೆ ನಿಜವಾದ ಬೆಲೆ ಬರುವುದು ಇಲ್ಲಿ. ಸಾಮರ್ಥ್ಯ ಎಂದ ಕೂಡಲೇ ವಿದ್ಯಾರ್ಥಿಗಳು “ಹದಿನೆಂಟು ತುಂಬಿರಬೇಕು” ಎಂದು ಹೇಳಿ ನಿಲ್ಲುತ್ತಾರೆ. ಆದರೆ ಊರಿನ ಅಂಗಡಿಗಳಲ್ಲಿ ಅರ್ಧ ವ್ಯಾಪಾರ ಮಕ್ಕಳ ಕೈಯಲ್ಲೇ ನಡೆಯುತ್ತದಲ್ಲ, ಅದೆಲ್ಲ ಏನು?

ಗೌರಮ್ಮ ತಾವು ಬರದೆ ಹದಿನೈದು ವರ್ಷದ ಮಗನ ಕೈಲಿ ಚೀಟಿ ಕಳಿಸಿದರು, ಅವನು ಮಾತಾಡಿ ಬಂದ ಎನ್ನೋಣ. ಕರಾರು ಊರ್ಜಿತವೇ. ಹುಡುಗ ಇಲ್ಲಿ ಪಕ್ಷಗಾರನಲ್ಲ, ತಾಯಿಯ ಏಜೆಂಟ್. ಯಾರು ಬೇಕಾದರೂ ಏಜೆಂಟ್ ಆಗಬಹುದು ಎನ್ನುತ್ತದೆ 184ನೇ ಕಲಂ. ಅಪ್ರಾಪ್ತನಾದರೆ ತನ್ನನ್ನು ಕಳಿಸಿದವರಿಗೆ ಅವನು ಕಾನೂನಿನಂತೆ ಜವಾಬ್ದಾರನಾಗುವುದಿಲ್ಲ, ಅಷ್ಟೇ. ಉದ್ರಿ ಪುಸ್ತಕದಲ್ಲಿ ಬರೆದ ಬಾಕಿ ಗೌರಮ್ಮನದು.

ಎರಡನೇ ಹುಡುಗನಿಗೆ ಹದಿನೇಳು. ಪಕ್ಕದ ಮೊಬೈಲ್ ಅಂಗಡಿಯಲ್ಲಿ ತನಗಾಗಿ 2,000 ರೂಪಾಯಿಯ ಸ್ಪೀಕರ್ ಸಾಲಕ್ಕೆ ತಂದ. ಅಂಗಡಿಯವರು ಅವನ ಮೇಲೆ ದಾವೆ ಹೂಡಿ ಆ ಹಣ ವಸೂಲು ಮಾಡಲಾರರು. ಇದರ ಮೂಲ ಕಲ್ಕತ್ತೆಯ ಪ್ರಸಿದ್ಧ ಮೊಕದ್ದಮೆ. ಧರ್ಮದಾಸ ಘೋಷ್ ಅಪ್ರಾಪ್ತನಾಗಿದ್ದಾಗ ಲೇವಾದೇವಿಗಾರ ಬ್ರಹ್ಮೋದತ್ತನಿಗೆ ಮನೆ ಅಡಮಾನ ಬರೆದುಕೊಟ್ಟಿದ್ದ. ಬ್ರಹ್ಮೋದತ್ತ ತೀರಿಕೊಂಡ ಮೇಲೆ ಅವನ ಪರವಾಗಿ ಮೊಹೊರಿ ಬೀಬಿ ಪ್ರಿವಿ ಕೌನ್ಸಿಲ್‌ವರೆಗೆ ಹೋದರು. 1903ರಲ್ಲಿ ಬಂದ ತೀರ್ಪು: ಅಪ್ರಾಪ್ತನ ಒಪ್ಪಂದ ರದ್ದುಮಾಡಬಹುದಾದದ್ದಲ್ಲ, ಮೊದಲಿನಿಂದಲೂ ಅನೂರ್ಜಿತ. ಪರೀಕ್ಷೆಯಲ್ಲಿ ಅತಿ ಹೆಚ್ಚು ತಪ್ಪುವ ಪದ ಇದೇ. ಇದರ ಫಲವಾಗಿ ಹುಡುಗ ಹದಿನೆಂಟು ತುಂಬಿದ ಮೇಲೆ “ಆಗ ಮಾಡಿದ್ದಕ್ಕೆ ಈಗ ಒಪ್ಪಿಗೆ” ಎಂದು ಹಳೆಯದಕ್ಕೆ ಜೀವ ಕೊಡಲೂ ಆಗದು. ಸ್ಪೀಕರ್ ಇನ್ನೂ ಅವನ ಬಳಿ ಇದ್ದರೆ ಅದನ್ನು ಹಿಂತಿರುಗಿಸುವಂತೆ ನ್ಯಾಯಾಲಯ ಹೇಳಬಹುದು, ಅದು ಬೇರೆ ಮಾತು.

ಮೂರನೆಯವನೂ ಹದಿನೇಳರವನೇ. ತಂದೆ ತಾಯಿ ಇಲ್ಲ, ಹೆಸರಿನಲ್ಲಿ ಸ್ವಲ್ಪ ಜಮೀನಿದೆ, ಶಿವಣ್ಣ ಅವನ ಊಟಕ್ಕೆಂದು ತಿಂಗಳಿಡೀ ಅಕ್ಕಿ ಬೇಳೆ ಕೊಟ್ಟಿದ್ದಾರೆ. ಇಲ್ಲೂ ಕರಾರಿಲ್ಲ. ಆದರೆ ಬದುಕಿಗೆ ಅಗತ್ಯವಾದದ್ದನ್ನು ಪೂರೈಸಿದವರು ಅದರ ಹಣವನ್ನು ಅಪ್ರಾಪ್ತನ ಆಸ್ತಿಯಿಂದ ಪಡೆಯಬಹುದು ಎಂದು 68ನೇ ಕಲಂ ಹೇಳುತ್ತದೆ. ಹೊಣೆ ಆಸ್ತಿಯ ಮೇಲೆ, ಹುಡುಗನ ಮೇಲಲ್ಲ. ಮೂವರು ಹುಡುಗರನ್ನೂ ಒಂದೇ ಸ್ಲೈಡಿನಲ್ಲಿ ಅಕ್ಕಪಕ್ಕ ನಿಲ್ಲಿಸಿದರೆ “ಹದಿನೆಂಟು” ಎಂಬ ಒಂದೇ ಸಂಖ್ಯೆಯಿಂದ ಉತ್ತರ ಹೇಳಲಾಗದೆಂಬುದು ತಾನಾಗಿ ತಿಳಿಯುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಗೌರಮ್ಮನಿಗೆ ಕೊಡುವುದು ನ್ಯಾಯಬೆಲೆ ಅಂಗಡಿಯಿಂದ ಕಳ್ಳದಾರಿಯಲ್ಲಿ ಬಂದ ಪಡಿತರ ಅಕ್ಕಿ, ಅದು ಇಬ್ಬರಿಗೂ ಗೊತ್ತು ಎಂದು ಸಾಲು ಬದಲಿಸಿದರೆ, ಕಾನೂನು ನಿಷೇಧಿಸಿದ ವ್ಯವಹಾರವಾದ್ದರಿಂದ 23ನೇ ಕಲಮಿನಂತೆ ಅನೂರ್ಜಿತ. ಎದುರಂಗಡಿಯವರು ಅಂಗಡಿ ಮುಚ್ಚಿದರೆ ತಿಂಗಳಿಗಿಷ್ಟು ಕೊಡುತ್ತೇನೆಂದು ಶಿವಣ್ಣ ಮಾತು ಕೊಟ್ಟರೆ? ಕಲ್ಕತ್ತೆಯ ಒಂದೇ ಭಾಗದಲ್ಲಿ ಕಂಚು ಹಿತ್ತಾಳೆಯ ವ್ಯಾಪಾರ ಮಾಡುತ್ತಿದ್ದ ಮಾಧವಚಂದ್ರ ಮತ್ತು ರಾಜಕುಮಾರ ದಾಸರ ನಡುವೆ ಇಂಥದ್ದೇ ಮಾತಾಗಿತ್ತು. ವ್ಯಾಪಾರಕ್ಕೆ ತಡೆಯೊಡ್ಡುವ ಒಪ್ಪಂದ 27ನೇ ಕಲಮಿನಂತೆ ಅನೂರ್ಜಿತವೆಂದು ಹೈಕೋರ್ಟು 1874ರಲ್ಲಿ ಹೇಳಿತು. ಅಂಗಡಿ ಮುಚ್ಚಿದವರಿಗೆ ಹಣ ಸಿಗಲಿಲ್ಲ. ಇನ್ನು ಅಸ್ಪಷ್ಟತೆಗೆ ಕಾಯ್ದೆಯೇ ಅಂಗಡಿಯ ಉದಾಹರಣೆ ಕೊಟ್ಟಿದೆ. ನೂರು ಟನ್ ಎಣ್ಣೆ ಎಂದಷ್ಟೇ ಹೇಳಿದರೆ ಯಾವ ಎಣ್ಣೆಯೆಂದು ತಿಳಿಯದೆ ಒಪ್ಪಂದ ಬೀಳುತ್ತದೆ. ಮಾರುವವನು ಕೊಬ್ಬರಿ ಎಣ್ಣೆ ಮಾತ್ರ ಮಾರುವವನಾದರೆ ಅದೇ ಮಾತು ಸಾಕಾಗುತ್ತದೆ.

ಬರವಣಿಗೆಯ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅಷ್ಟರಲ್ಲಿ ವಿದ್ಯಾರ್ಥಿಗಳೇ ಉತ್ತರ ಹೇಳಬಲ್ಲರು. 1930ರ ಸರಕು ಮಾರಾಟ ಕಾಯ್ದೆ ಬಾಯಿಮಾತಿನ ಮಾರಾಟವನ್ನು ಸ್ಪಷ್ಟವಾಗಿ ಒಪ್ಪುತ್ತದೆ. ಇದೇ ಮಾತುಕತೆ ವಾಟ್ಸ್ಆ್ಯಪ್‌ನಲ್ಲಿ ನಡೆದಿದ್ದರೂ, ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ಬೀಳುವುದಿಲ್ಲ. ಜಮೀನಿನ ಕ್ರಯದಂಥವಕ್ಕೆ ಬರಹ, ನೋಂದಣಿ ಬೇಕೆಂದು ಬೇರೆ ಕಾನೂನುಗಳು ಹೇಳುತ್ತವೆ. ಅಕ್ಕಿಗೆ ಬೇಡ. ರಸೀದಿ ಇದ್ದಿದ್ದರೆ ರುಜುವಾತು ಸುಲಭವಾಗುತ್ತಿತ್ತು. ಕರಾರು ಹುಟ್ಟಲು ಅದರ ಅಗತ್ಯವಿರಲಿಲ್ಲ.

ಪಾಠ ತಲುಪಿತೇ ಎಂದು ನೋಡಲು ಮೂಲ ಸ್ಲೈಡನ್ನೇ ಮತ್ತೆ ತೆರೆದು, ಕೆಳಗೆ ಒಂದೇ ಸಾಲು ಸೇರಿಸಿದರೆ ಸಾಕು. ಶುಕ್ರವಾರ ಸಂಜೆ ಗೌರಮ್ಮ ಫೋನ್ ಮಾಡುತ್ತಾರೆ: “ಗೃಹಪ್ರವೇಶ ಮುಂದಕ್ಕೆ ಹೋಯ್ತು ಶಿವಣ್ಣ, ಅಕ್ಕಿ ಬೇಡ.” ಈಗ ಕರಾರು ಅನೂರ್ಜಿತವೇ ಎಂದು ಕೇಳಬೇಕು. ಪಟ್ಟಿ ಉರುಹೊಡೆದವರು ಆರು ಅಂಶಗಳಲ್ಲಿ ಯಾವುದು ತಪ್ಪಿತೆಂದು ಹುಡುಕತೊಡಗುತ್ತಾರೆ. ಸಂಭಾಷಣೆಯನ್ನು ಓದಿದವರು ನಾಲ್ಕನೇ ಸಾಲಿಗೆ ಬೆರಳು ತೋರಿಸುತ್ತಾರೆ. ಮಂಗಳವಾರ “ಆಯ್ತಮ್ಮ” ಎಂಬ ಮಾತು ಗೌರಮ್ಮನ ಕಿವಿಗೆ ಬಿದ್ದಾಗಲೇ ಪ್ರಸ್ತಾವ ಹಿಂತೆಗೆದುಕೊಳ್ಳುವ ಹೊತ್ತು ಮುಗಿದಿತ್ತು. ಶುಕ್ರವಾರದ ಫೋನು ಊರ್ಜಿತ ಕರಾರಿನ ಉಲ್ಲಂಘನೆ, ಮತ್ತು ಶಿವಣ್ಣನವರಿಗೆ ಎಷ್ಟು ಪರಿಹಾರ ಸಿಗಬೇಕೆಂಬುದು 73ನೇ ಕಲಮಿನ ಪ್ರಶ್ನೆ.